ಮಾರ್ಗಸೂಚಿಗೂ ಒಂದು ಒರೆಗಲ್ಲು

ಹೃದಯಾಘಾತದಿಂದ ಪಾರಾಗಿ ಮನೆಗೆ ಮರಳಿದ ಹಿರಿಯರಿಗೆ ವೈದ್ಯರು ಸ್ಟ್ಯಾಟಿನ್ ಮಾತ್ರೆಯ ಚೀಟಿ ಬರೆದುಕೊಟ್ಟು, ‘ಕೆಟ್ಟ ಕೊಲೆಸ್ಟರಾಲ್ 70ಕ್ಕಿಂತ ಕೆಳಗಿಳಿಯಬೇಕು’ ಎಂದು ಹೇಳುವುದುಂಟು. ಈ 70 ಎಂಬ ಅಂಕಿ ವೈದ್ಯರ ಸ್ವಂತ ಕಲ್ಪನೆಯಲ್ಲ. ತಜ್ಞರ ಮಂಡಲಿಯೊಂದು ಸಂಶೋಧನೆಗಳನ್ನು ಪರಿಶೀಲಿಸಿ ಬರೆದ ಚಿಕಿತ್ಸಾ ಮಾರ್ಗಸೂಚಿಯಿಂದ ಅದು ಬಂದಿದೆ. ರೋಗಿಯು ವೈದ್ಯರನ್ನು ನಂಬುತ್ತಾನೆ. ವೈದ್ಯರು ಮಾರ್ಗಸೂಚಿಯನ್ನು ನಂಬುತ್ತಾರೆ. ಹಾಗಾದರೆ ಮಾರ್ಗಸೂಚಿಯನ್ನು ಒರೆಗೆ ಹಚ್ಚುವವರು ಯಾರು?

ಈ ಪ್ರಶ್ನೆ 2004ರಲ್ಲಿ ಅಮೆರಿಕದಲ್ಲಿ ಬಲವಾಗಿ ಎದ್ದಿತು. ಅಲ್ಲಿನ ರಾಷ್ಟ್ರೀಯ ಕೊಲೆಸ್ಟರಾಲ್ ಶಿಕ್ಷಣ ಕಾರ್ಯಕ್ರಮವು ಆ ವರ್ಷದ ಜುಲೈ ತಿಂಗಳಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಅತಿ ಹೆಚ್ಚಿನ ಅಪಾಯವುಳ್ಳ ರೋಗಿಗಳಿಗೆ ಅದುವರೆಗೆ 100 ಇದ್ದ ಗುರಿಯನ್ನು, ವೈದ್ಯರ ಇಚ್ಛೆಗೆ ಬಿಟ್ಟು, 70ಕ್ಕೆ ಇಳಿಸಬಹುದೆಂದಿತು. ಗುರಿ ಇಳಿದರೆ ಮಾತ್ರೆಯ ಮಾರಾಟ ಏರುವುದು ಸಹಜವಷ್ಟೆ. ವರದಿಯನ್ನು ಬರೆದ ಒಂಬತ್ತು ಮಂದಿಯಲ್ಲಿ ಎಂಟು ಮಂದಿಗೆ ಸ್ಟ್ಯಾಟಿನ್ ತಯಾರಕರೊಡನೆ ಹಣದ ಸಂಬಂಧವಿತ್ತೆಂಬುದು ಅನಂತರ ಬೆಳಕಿಗೆ ಬಂದಿತು. ಮೊದಲು ಪ್ರಕಟವಾದ ವರದಿಯಲ್ಲಿ ಆ ಮಾತೇ ಇರಲಿಲ್ಲ. ಆಕ್ಷೇಪಣೆ ಎದ್ದ ಮೇಲೆ ವಿವರಗಳನ್ನು ಬೇರೆಯಾಗಿ ಪ್ರಕಟಿಸಿದರು.

ಇಂಥ ಸಂದರ್ಭದಲ್ಲಿ ಕೂಗಾಟಕ್ಕಿಂತ ಅಳತೆಗೋಲು ಮೇಲು. ಹಲವು ದೇಶಗಳ ವಿದ್ವಾಂಸರು ಕೂಡಿ 2003ರಲ್ಲಿ ರೂಪಿಸಿ, 2010ರಲ್ಲಿ ತಿದ್ದಿದ ‘ಅಗ್ರೀ-2’ ಎಂಬ ಸಾಧನ ಅಂಥದೊಂದು ಅಳತೆಗೋಲು. ಅದರಲ್ಲಿ 23 ಅಂಶಗಳಿವೆ. ಅವು ಆರು ವಿಭಾಗಗಳಲ್ಲಿ ಹಂಚಿಕೊಂಡಿವೆ. ಸಂಶೋಧನೆಗಳನ್ನು ಕ್ರಮವಾಗಿ ಹುಡುಕಿದರೆ, ಸಲಹೆಗೂ ಸಾಕ್ಷ್ಯಕ್ಕೂ ನಂಟು ತೋರಿಸಿದರೆ ಎಂದು ಒಂದು ವಿಭಾಗ ಕೇಳುತ್ತದೆ. ಕೊನೆಯ ವಿಭಾಗಕ್ಕೆ ‘ಸಂಪಾದಕೀಯ ಸ್ವಾತಂತ್ರ್ಯ’ವೆಂದು ಹೆಸರು. ಅಲ್ಲಿರುವುದು ಎರಡೇ ಅಂಶ: ಹಣ ಕೊಟ್ಟವರ ಅಭಿಪ್ರಾಯ ಬರಹದ ಮೇಲೆ ಪ್ರಭಾವ ಬೀರದೆ ಇದೆಯೆ? ಬರೆದವರ ಹಿತಾಸಕ್ತಿಗಳನ್ನು ದಾಖಲಿಸಿ, ಅವುಗಳಿಗೆ ತಕ್ಕ ಪರಿಹಾರ ಮಾಡಲಾಗಿದೆಯೆ?

ಒಂದೊಂದು ಅಂಶಕ್ಕೂ 1ರಿಂದ 7ರವರೆಗೆ ಅಂಕ. ಮಾರ್ಗಸೂಚಿ ಮೌನವಾಗಿದ್ದರೆ 1. ಕನಿಷ್ಠ ಇಬ್ಬರು, ಸಾಧ್ಯವಾದರೆ ನಾಲ್ವರು, ಪರಸ್ಪರ ಕೇಳದೆ ಅಂಕ ಕೊಡಬೇಕು.

ಮೇಲಿನ ವರದಿಗೆ ನಾಲ್ವರು ಅಂಕ ಹಾಕಿದರೆಂದು ಭಾವಿಸೋಣ. ಅದು ಸರ್ಕಾರದ ಕಾರ್ಯಕ್ರಮವಾದ್ದರಿಂದ ಮೊದಲ ಅಂಶಕ್ಕೆ 4, 5, 4, 5 ಕೊಟ್ಟರು, ಮೊತ್ತ 18. ಎರಡನೆಯದಕ್ಕೆ 1, 2, 1, 2, ಮೊತ್ತ 6. ಒಟ್ಟು 24. ಗರಿಷ್ಠ ಅಂಕ 56. ಇಪ್ಪತ್ತನಾಲ್ಕನ್ನು ಐವತ್ತಾರರಿಂದ ಭಾಗಿಸಿ ಶೇಕಡಾ 43 ಎನ್ನುವುದು ಅನೇಕರು ಮಾಡುವ ತಪ್ಪು. ಏಕೆಂದರೆ ಏನೂ ಹೇಳದ ಮಾರ್ಗಸೂಚಿಗೂ ನಾಲ್ವರಿಂದ 8 ಅಂಕ ತಾನಾಗಿ ಬರುತ್ತದೆ. ಆ 8ನ್ನು ಎರಡು ಕಡೆಯೂ ಕಳೆಯಬೇಕು. ಉಳಿಯುವುದು 48ಕ್ಕೆ 16, ಅಂದರೆ ಶೇಕಡಾ 33. ಒಬ್ಬರು 1 ಕೊಟ್ಟು ಇನ್ನೊಬ್ಬರು 6 ಕೊಟ್ಟಿದ್ದರೆ, ಸರಾಸರಿ ತೆಗೆಯುವ ಮುನ್ನ ಕಾರಣ ವಿಚಾರಿಸಬೇಕು; ಜೊತೆಗೆ ಪ್ರಕಟವಾದ ದಾಖಲೆಯನ್ನು ಒಬ್ಬರು ಓದಿಯೇ ಇರಲಿಕ್ಕಿಲ್ಲ.

ಈ ಶೇಕಡಾ 33ನ್ನು ಉಳಿದ ವಿಭಾಗಗಳೊಡನೆ ಕೂಡಿಸಕೂಡದೆಂಬುದು ಸಾಧನದ ನಿಯಮ. ಅಚ್ಚುಕಟ್ಟಾದ ಪಟ್ಟಿಗಳಿಂದ ಸ್ಪಷ್ಟತೆಯ ವಿಭಾಗದಲ್ಲಿ 90 ಗಳಿಸಿದ ಮಾರ್ಗಸೂಚಿಯು, ಕೂಡಿಸಿದರೆ, ಸ್ವಾತಂತ್ರ್ಯದ ಕೊರತೆಯನ್ನು ಮುಚ್ಚಿಕೊಂಡುಬಿಡುತ್ತದೆ. ಇನ್ನೊಂದು ಸೂಕ್ಷ್ಮವೂ ಉಂಟು. ಎಂಟು ಮಂದಿಯ ಸಂಬಂಧಗಳನ್ನು ಅನಂತರ ಬಯಲುಮಾಡಿದ್ದು ‘ದಾಖಲಿಸುವ’ ಅರ್ಧ ಕೆಲಸ ಮಾತ್ರ. ಸಂಬಂಧವುಳ್ಳವರು ಮತ ಹಾಕಿದರೆ, ಹೊರಗುಳಿದರೆ ಎಂಬುದನ್ನು ಹೇಳಿದಾಗಲೇ ಉಳಿದರ್ಧ ಪೂರ್ಣವಾಗುತ್ತದೆ.

ಹಾಗೆಂದು, ಅಂಕ ಕಡಿಮೆಯಾದ ಮಾತ್ರಕ್ಕೆ ಸಲಹೆ ಸುಳ್ಳೆನ್ನಲಾಗದು. 2015ರಲ್ಲಿ ಪ್ರಕಟವಾದ ‘ಇಂಪ್ರೂವ್-ಇಟ್’ ಪ್ರಯೋಗದಲ್ಲಿ ಕೊಲೆಸ್ಟರಾಲನ್ನು ಸುಮಾರು 70ರಿಂದ 54ರ ಆಸುಪಾಸಿಗೆ ಇಳಿಸಿದಾಗ ಹೃದ್ರೋಗಿಗಳಿಗೆ ಅಲ್ಪವಾದರೂ ನಿಜವಾದ ಲಾಭ ಕಂಡಿತು. 2018ರ ಅಮೆರಿಕದ ಮಾರ್ಗಸೂಚಿಯು, ಅತಿ ಹೆಚ್ಚಿನ ಅಪಾಯವುಳ್ಳವರಿಗೆ ಇನ್ನೊಂದು ಔಷಧ ಸೇರಿಸುವ ಗಡಿಯಾಗಿ, ಅದೇ 70ನ್ನು ಹಿಡಿಯಿತು. ಒರೆಗಲ್ಲು ತೂಗುವುದು ಸಲಹೆ ಹುಟ್ಟಿದ ಬಗೆಯನ್ನೇ ಹೊರತು ಅದರ ಸತ್ಯವನ್ನಲ್ಲ.

ಆದರೆ 2004ರಲ್ಲಿ ಚೀಟಿ ಹಿಡಿದು ನಿಂತಿದ್ದ ರೋಗಿಗೆ 2015ರ ಫಲಿತಾಂಶ ತಿಳಿದಿರಲಿಲ್ಲ. ಆ ಹೊತ್ತಿಗೆ ಅವನ ಕೈಲಿದ್ದುದು ಒಂಬತ್ತು ಮಂದಿಯ ಮಾತು. ಅವರಲ್ಲಿ ಎಂಟು ಮಂದಿ ಯಾರ ಹಣ ಪಡೆದಿದ್ದರೆಂದು ತಿಳಿಯುವ ಹಕ್ಕು ಅವನಿಗಿತ್ತು.