ಕಟಾವಿನ ಹೊತ್ತಿಗೆ ತಡೆಯಾಜ್ಞೆ ಬಂದೀತೆಂಬ ಭಯವೇ? ಮೊದಲೇ ಕೇವಿಯಟ್ ಹಾಕಿರಿ



ಕಬ್ಬಿನ ಹೊಲದ ಮೇಲೆ ಅಣ್ಣತಮ್ಮಂದಿರ ಪಾಲಿನ ತಕರಾರು ಎದ್ದಾಗ ದಾವೆ ಬೀಳುವುದು ಹೆಚ್ಚಾಗಿ ಕಟಾವಿನ ಮುಂಚೆಯೇ. ಕಬ್ಬು ಕಾರ್ಖಾನೆಗೆ ಹೋಗಿ ಹಣವಾಗುವ ಮೊದಲು ತಡೆದರೆ ಎದುರಿನವರು ಮಾತಿಗೆ ಬಗ್ಗುತ್ತಾರೆಂಬ ಲೆಕ್ಕ ಅದರ ಹಿಂದಿರುತ್ತದೆ. ನಾನು ವಕೀಲನಲ್ಲ, ಕೃಷಿ ಓದಿದವನು. ಆದರೆ ಕಟಾವಿನ ಪಾಳಿ ಬಂದ ದಿನವೇ ಕೋರ್ಟಿನ ಕಾಗದ ಹಿಡಿದು ನಮ್ಮ ವಿಭಾಗಕ್ಕೆ ಬರುವ ರೈತರನ್ನು ನೋಡಿದ್ದೇನೆ. ಅಂಥವರಿಗೆ ಉಪಯೋಗವಾಗುವ ಒಂದು ಕಾನೂನು ಏರ್ಪಾಡನ್ನು ಇಲ್ಲಿ ವಿವರಿಸುತ್ತೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಜಹೀರಾಬಾದ್ ಹತ್ತಿರದ ಹಳ್ಳಿಯಲ್ಲಿ ಅಣ್ಣ ನಾಲ್ಕು ಎಕರೆ ಇಪ್ಪತ್ತು ಗುಂಟೆಯಲ್ಲಿ ಕಬ್ಬು ಬೆಳೆದಿದ್ದಾನೆ. ತಮ್ಮ ಬೀದರಿನಲ್ಲಿ ವಾಸವಾಗಿದ್ದಾನೆ. ತಂದೆಯ ಕಾಲದಲ್ಲಿ ಬಾಯಿಮಾತಿನಲ್ಲೇ ಪಾಲಾಗಿತ್ತು, ಕಾಗದವಿಲ್ಲ. ದೀಪಾವಳಿಯ ಹೊತ್ತಿಗೆ ತಮ್ಮನ ವಕೀಲರಿಂದ ನೋಟೀಸು ಬಂತು: ಪಾಲಿನ ದಾವೆ ಹಾಕುತ್ತೇವೆ, ಕಬ್ಬು ಕಡಿಯಬೇಡಿ ಎಂದು. ಈಗ ಅಣ್ಣ ಮಾಡಬೇಕಾದುದೇನು?

ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಿರಿ. ಮಧ್ಯಂತರ ತಡೆಯಾಜ್ಞೆ ಕೊಡುವ ಮುನ್ನ ಎದುರುದಾರನಿಗೆ ನೋಟೀಸು ಕೊಡಬೇಕೆಂಬುದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮ. ಆದರೆ ನೋಟೀಸಿಗಾಗಿ ಕಾದರೆ ತಡೆಯಾಜ್ಞೆ ಕೇಳಿದ ಉದ್ದೇಶವೇ ಕೆಡುತ್ತದೆಂದು ನ್ಯಾಯಾಧೀಶರಿಗೆ ತೋರಿದರೆ, ಕಾರಣ ಬರೆದು, ಒಬ್ಬರ ಮಾತು ಕೇಳಿಯೇ ಆಜ್ಞೆ ಕೊಡಬಹುದು. ‘ನಾಳೆ ಕಬ್ಬು ಕಡಿದು ಸಾಗಿಸುತ್ತಾರೆ’ ಎಂಬ ಮಾತು ಇಂಥ ಕಾರಣವಾಗುವುದು ಸುಲಭ. ಹಾಗೆ ಕೊಟ್ಟ ಆಜ್ಞೆಯ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಕೋರ್ಟು ಯತ್ನಿಸಬೇಕೆಂದು ನಿಯಮವಿದೆ. ಆದರೂ ಕಟಾವಿನ ಪಾಳಿ ತಪ್ಪಿದವನಿಗೆ 30 ದಿನ ಸಣ್ಣದಲ್ಲ. ಮಾಗಿದ ಕಬ್ಬು ನಿಂತಷ್ಟೂ ತೂಕ ಇಳಿಯುತ್ತದೆ, ಮುಂದಿನ ಕೂಳೆಯೂ ತಡವಾಗುತ್ತದೆ.

ಇದಕ್ಕೆ ಮುಂಜಾಗ್ರತೆಯೇ ಕೇವಿಯಟ್. ‘ಇಂಥವರು ಇಂಥ ಜಮೀನಿನ ಬಗ್ಗೆ ನನ್ನ ಮೇಲೆ ದಾವೆ ಹಾಕಿ ಅರ್ಜಿ ಕೊಡುವ ಸಂಭವವಿದೆ, ನನಗೆ ತಿಳಿಸದೆ ಯಾವ ಆಜ್ಞೆಯನ್ನೂ ಕೊಡಬಾರದು’ ಎಂದು ದಾವೆ ಬೀಳುವ ಮೊದಲೇ ಕೋರ್ಟಿಗೆ ಕೊಡುವ ಅರ್ಜಿ ಇದು. 1976ರ ತಿದ್ದುಪಡಿಯಿಂದ ಸಂಹಿತೆಗೆ 148-ಎ ಕಲಮನ್ನು ಸೇರಿಸಲಾಯಿತು; 1977ರ ಫೆಬ್ರವರಿ 1ರಿಂದ ಅದು ಜಾರಿಯಲ್ಲಿದೆ. ಕೇವಿಯಟ್ ದಾಖಲಾದ ಮೇಲೆ ಅರ್ಜಿ ಬಂದರೆ ಕೋರ್ಟು ಅದರ ನೋಟೀಸನ್ನು ಕೇವಿಯಟ್ ಹಾಕಿದವನಿಗೆ ಕೊಡಬೇಕು. ಅರ್ಜಿದಾರನೂ ತನ್ನ ಅರ್ಜಿ ಮತ್ತು ಕಾಗದಪತ್ರಗಳ ನಕಲನ್ನು ಒದಗಿಸಬೇಕು. ನಕಲಿನ ಖರ್ಚು ಕೇವಿಯಟ್ ಹಾಕಿದವನದು.

ಯಾವ ಕೋರ್ಟಿನಲ್ಲಿ ಹಾಕಬೇಕು? ನಮ್ಮ ಗಡಿ ಭಾಗದವರು ಎಡವುವುದು ಇಲ್ಲಿಯೇ. ಜಮೀನಿನ ದಾವೆ ಜಮೀನು ಇರುವ ಊರಿನ ಕೋರ್ಟಿಗೆ ಹೋಗುತ್ತದೆ, ದಾವೆ ಹಾಕುವವನು ಇರುವ ಊರಿಗಲ್ಲ. ಆದ್ದರಿಂದ ಜಹೀರಾಬಾದ್ ಹೊಲ ಒಂದೇ ತಕರಾರಿನಲ್ಲಿದ್ದರೆ, ತಮ್ಮ ಬೀದರಿನಲ್ಲಿದ್ದರೂ ಬೀದರಿನಲ್ಲಿ ಕೇವಿಯಟ್ ಬೇಕಿಲ್ಲ. ಆದರೆ ಬೀದರ ಕಡೆಯೂ ತಂದೆಯ ಜಮೀನಿದ್ದು, ಎರಡನ್ನೂ ಸೇರಿಸಿ ಪಾಲು ಕೇಳುವುದಾದರೆ, ಯಾವುದಾದರೂ ಒಂದು ಭಾಗ ಇರುವ ಕೋರ್ಟಿನಲ್ಲಿ ದಾವೆ ಹಾಕಲು 17ನೇ ಕಲಮು ಅವಕಾಶ ಕೊಡುತ್ತದೆ. ಆಗ ಎರಡೂ ಕಡೆ ಹಾಕಬೇಕು. ತಾಂಡೂರಿನವರಿಗೆ ಸೇಡಂ, ಚಿಂಚೋಳಿ ಕಡೆ, ನಾರಾಯಣಖೇಡದವರಿಗೆ ಔರಾದ್ ಕಡೆ ಹೊಲವಿದ್ದರೂ ಇದೇ ಮಾತು. ಇನ್ನೊಂದು ಸಂಗತಿ: ದಾವೆಯ ಮೌಲ್ಯ ನೋಡಿ ಅದು ಕಿರಿಯ ಅಥವಾ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ ಹೋಗುತ್ತದೆ. ಎದುರಿನವರು ಎಷ್ಟು ಮೌಲ್ಯ ಹಾಕುವರೆಂದು ಖಚಿತವಿಲ್ಲದಿದ್ದರೆ ವಕೀಲರನ್ನು ಕೇಳಿ ಎರಡರಲ್ಲೂ ದಾಖಲಿಸಿರಿ.

ಅರ್ಜಿಯಲ್ಲಿ ಹೆಸರುಗಳೇ ಮುಖ್ಯ. ಕೋರ್ಟಿನ ಕಚೇರಿಯವರು ಹೊಸ ಅರ್ಜಿಗೂ ಕೇವಿಯಟ್‌ಗೂ ತಾಳೆ ನೋಡುವುದು ಪಕ್ಷಗಾರರ ಹೆಸರಿನಿಂದ. ತಮ್ಮನ ಹೆಸರೊಂದನ್ನೇ ಬರೆದಿರಿ, ದಾವೆ ಹಾಕಿದವಳು ತಂಗಿಯಾದರೆ ಕೇವಿಯಟ್ ಇದ್ದೂ ಇಲ್ಲದಂತೆ. ಆದ್ದರಿಂದ ತಮ್ಮ, ಅವನ ವಯಸ್ಸಿಗೆ ಬಂದ ಮಕ್ಕಳು, ಅಕ್ಕತಂಗಿಯರು, ಪಾಲು ಖರೀದಿಸಿದವರಿದ್ದರೆ ಅವರು, ಎಲ್ಲರನ್ನೂ ತಂದೆಯ ಅಥವಾ ಗಂಡನ ಹೆಸರು, ಊರು ಸಹಿತ ಬರೆಸಿರಿ. ಸರ್ವೆ ನಂಬರು, ವಿಸ್ತೀರ್ಣ ಪಾಸ್‌ಬುಕ್ಕಿನಲ್ಲಿದ್ದಂತೆಯೇ ಇರಲಿ. ನಿಮ್ಮ ವಾದವನ್ನೆಲ್ಲ ಅದರಲ್ಲಿ ಬರೆಯಬೇಕಾಗಿಲ್ಲ.

ದಾಖಲಿಸುವಾಗ ಎದುರಿನ ಪ್ರತಿಯೊಬ್ಬರಿಗೂ ಕೇವಿಯಟ್ ನೋಟೀಸನ್ನು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕೆಂದು ಕಾನೂನು ಹೇಳುತ್ತದೆ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದೆ. ಆದ್ದರಿಂದ ರಿಜಿಸ್ಟ್ರೇಷನ್ ಮತ್ತು ಮುಟ್ಟಿದ ದಾಖಲೆ ಎರಡೂ ಬೇಕೆಂದು ಕೌಂಟರಿನಲ್ಲಿ ಕೇಳಿ ಮಾಡಿಸಿ, ರಸೀದಿ ಜೋಪಾನ ಮಾಡಿರಿ. ಇದರಿಂದ ನೀವು ಎಚ್ಚರವಾಗಿದ್ದೀರೆಂದು ಎದುರಿನವರಿಗೆ ತಿಳಿಯುತ್ತದೆ, ಅದನ್ನು ತಪ್ಪಿಸಲಾಗದು.

ಮುದ್ದತ್ತು 90 ದಿನ ಮಾತ್ರ. ಅಣ್ಣ ನವೆಂಬರ್ 1ರಂದು ಹಾಕಿದರೆ ಜನವರಿ 30ಕ್ಕೆ ಮುಗಿಯಿತು. ಅಷ್ಟರೊಳಗೆ ಎದುರಿನವರ ಅರ್ಜಿ ಬಂದಿದ್ದರೆ ಕೇವಿಯಟ್ ಕೆಲಸ ಮಾಡಿತು. ಬರದಿದ್ದರೆ, ಅವನ ಕಟಾವು ಫೆಬ್ರವರಿಯಲ್ಲಿದ್ದರೆ, ಜನವರಿ 30ರ ಮುಂಚೆ ಹೊಸ ಕೇವಿಯಟ್ ಹಾಕಿ ಅಂಚೆ ನೋಟೀಸನ್ನೂ ಹೊಸದಾಗಿ ಕಳಿಸಬೇಕು. ಹಳೆಯದು ತಾನಾಗಿ ಮುಂದುವರಿಯದು. ಮುದ್ದತ್ತು ಮುಗಿಯುವುದನ್ನೇ ಕಾಯುವ ಎದುರುದಾರರೂ ಇರುತ್ತಾರೆ.

ಕೇವಿಯಟ್ ದಾವೆಯನ್ನು ತಡೆಯುವುದಿಲ್ಲ, ಹಕ್ಕನ್ನು ತೀರ್ಮಾನಿಸುವುದಿಲ್ಲ, ತಹಸೀಲ್ದಾರರ ಕಚೇರಿಯ ಕೆಲಸಕ್ಕೂ ಅನ್ವಯಿಸುವುದಿಲ್ಲ. ನಿಮ್ಮ ಮಾತು ಕೇಳುವ ಒಂದು ಅವಕಾಶ ದೊರಕಿಸುತ್ತದೆ, ಅಷ್ಟೆ. ನೋಟೀಸು ಬಂದ ದಿನ ವಕೀಲರು ಹಾಜರಾಗದಿದ್ದರೆ ಕೋರ್ಟು ನೀವಿಲ್ಲದೆಯೇ ಆಜ್ಞೆ ಕೊಡಬಹುದು. ಆದ್ದರಿಂದ ವಕಾಲತ್ತು, ಪಾಸ್‌ಬುಕ್, ಕಾರ್ಖಾನೆಯ ಕಬ್ಬು ನೋಂದಣಿ, ಹಿಂದಿನ ಹಂಗಾಮುಗಳ ಬಿಲ್ಲು ಮೊದಲೇ ವಕೀಲರ ಕೈಯಲ್ಲಿರಲಿ. ನೋಂದಣಿ ಒಡೆತನದ ಪುರಾವೆಯಲ್ಲ. ಆದರೆ ಸಾಗುವಳಿ ಯಾರು ಮಾಡಿದರೆಂದು ತೋರಿಸಲು ನೆರವಾಗುತ್ತದೆ. ಕಬ್ಬು ಕಡಿದು ಕಾರ್ಖಾನೆಗೆ ಹಾಕಲು ಅನುಮತಿ ಕೊಡಿ, ತಕರಾರಿನ ಭಾಗದ ಹಣವನ್ನು ಕೋರ್ಟಿನಲ್ಲಿ ಇಡುತ್ತೇವೆ ಅಥವಾ ಲೆಕ್ಕ ಒಪ್ಪಿಸುತ್ತೇವೆ ಎಂದು ಕೇಳಲು ಅದೇ ಸಮಯ. ಬೆಳೆ ಉಳಿಯುತ್ತದೆ, ತಮ್ಮನ ಹಕ್ಕಿಗೂ ಧಕ್ಕೆಯಿಲ್ಲ.

ಕೇವಿಯಟ್ ಇದ್ದರೂ ಕಚೇರಿಯ ಕಣ್ತಪ್ಪಿನಿಂದ ಆಜ್ಞೆ ಬಂದುಬಿಟ್ಟರೆ ಕಾಗದ ಹರಿದು ಕುಡುಗೋಲು ಹಿಡಿಯಬೇಡಿರಿ. ಆಜ್ಞೆ ಮೀರಿದವರಿಗೆ ಮೂರು ತಿಂಗಳವರೆಗೆ ಸಿವಿಲ್ ಬಂಧನವಾಗಬಹುದು. ಕೇವಿಯಟ್ ನಕಲು ಮತ್ತು ಅಂಚೆ ರಸೀದಿ ಹಿಡಿದು ಆ ದಿನವೇ ಆಜ್ಞೆ ತೆರವಿಗೆ ಅರ್ಜಿ ಹಾಕಿಸಿರಿ. ಹಾಗೆಯೇ ನಮ್ಮ ವಿಭಾಗಕ್ಕೂ ತಿಳಿಸಿರಿ, ಕಟಾವಿನ ಪಾಳಿಯ ವಿಚಾರ ಮಾತನಾಡಲು ನಮಗೂ ಸಮಯ ಬೇಕು.