ನೋಂದಣಿಯಿಲ್ಲದೆ ಹೊರರಾಜ್ಯಕ್ಕೆ ಮಾರಾಟ: ನೋಟಿಸು ಮತ್ತು ಉತ್ತರ

ವರ್ಷಕ್ಕೆ 40 ಲಕ್ಷ ರೂಪಾಯಿ ದಾಟದ ಸರಕು ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಬೇಡವೆಂಬ ವಿನಾಯಿತಿ ಕರ್ನಾಟಕದಲ್ಲಿ ರಾಜ್ಯದೊಳಗಿನ ಮಾರಾಟಕ್ಕಷ್ಟೇ ಸಿಗುತ್ತದೆ. ತೆರಿಗೆಗೆ ಒಳಪಟ್ಟ ಸರಕು ಗಡಿ ದಾಟಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ಕಾಯ್ದೆಯ 24ನೇ ಕಲಮಿನಂತೆ ನೋಂದಣಿ ಕಡ್ಡಾಯ.

ಬೆಂಗಳೂರಿನ ಮನೆಯಿಂದ ಪಾಲಿಯೆಸ್ಟರ್ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವವರೊಬ್ಬರನ್ನು ಊಹಿಸಿಕೊಳ್ಳಬಹುದು. ಚೆನ್ನೈ, ಹೈದರಾಬಾದಿಗೆ ವರ್ಷದಲ್ಲಿ ಹೋದದ್ದು 4 ಲಕ್ಷದ ಸರಕು. ಶೇ. 5ರಂತೆ ತೆರಿಗೆ 20,000 ರೂಪಾಯಿ. ಪಾವತಿ ಒಂದು ವರ್ಷ ತಡವಾದರೆ ಶೇ. 18ರಂತೆ ಬಡ್ಡಿ 3,600.

ನೋಂದಣಿ ಇಲ್ಲದವರಿಗೆ ಬರುವ ನೋಟಿಸು ASMT-14. ಅದಕ್ಕೆ 15 ದಿನಗಳೊಳಗೆ ಉತ್ತರಿಸದಿದ್ದರೆ ಅಧಿಕಾರಿ ತಮ್ಮ ಅಂದಾಜಿನ ಮೇಲೆಯೇ ತೆರಿಗೆ ನಿರ್ಧರಿಸಬಹುದು. ಆದ್ದರಿಂದ ಉತ್ತರದ ಜೊತೆ ರಾಜ್ಯವಾರು ಮಾರಾಟದ ಪಟ್ಟಿ, ಬ್ಯಾಂಕ್ ವಿವರ, ಕೊರಿಯರ್ ರಸೀದಿ, ವಾಪಸು ಬಂದ ಸೀರೆಗಳ ಲೆಕ್ಕ ಇರಬೇಕು. ವಾಪಸಾತಿಯ ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ.

ದೊಡ್ಡ ತಪ್ಪಾಗುವುದು ‘ಸ್ವಯಂಪ್ರೇರಿತ ನೋಂದಣಿ’ ಎಂಬ ಮಾತಿನಲ್ಲಿ. ಕಾನೂನಿನಲ್ಲಿ ಅದು ನೋಂದಣಿಯ ಹೊಣೆಯೇ ಇಲ್ಲದವರಿಗೆ ಇರುವ ಅವಕಾಶ. ಇಲ್ಲಿ ಮಾರಾಟಗಾರರು ತಾವಾಗಿ ಮುಂದೆ ಬಂದರೂ ಅರ್ಜಿಯಲ್ಲಿ ಅಂತರರಾಜ್ಯ ಮಾರಾಟವೆಂಬ ಕಾರಣವನ್ನೂ ಹೊಣೆ ಶುರುವಾದ ನಿಜವಾದ ದಿನಾಂಕವನ್ನೂ ಬರೆಯಬೇಕು. 30 ದಿನ ಮೀರಿ ಅರ್ಜಿ ಹಾಕಿದರೆ ನೋಂದಣಿ ಮಂಜೂರಾದ ದಿನದಿಂದಷ್ಟೇ ಜಾರಿಗೆ ಬರುತ್ತದೆ. ಹಿಂದಿನ ತೆರಿಗೆ, ಬಡ್ಡಿ ಉಳಿದೇ ಇರುತ್ತದೆ.