ಮನವಿಯ ಶೀರ್ಷಿಕೆ ಹೇಗಿರಬೇಕು?

ಕಳೆದ ವರ್ಷ ಡೊಂಬಿವಲಿಯ ನಮ್ಮವರೊಬ್ಬರ ಎಂಟು ವರ್ಷದ ಮಗನಿಗಾಗಿ ಆನ್‌ಲೈನ್ ನಿಧಿಸಂಗ್ರಹದ ಪುಟ ತೆರೆಯಲು ಕೂತೆವು. ಹುಡುಗನಿಗೆ ಥಲಸ್ಸೇಮಿಯಾ. ತಂದೆ ಬರೆದುಕೊಂಡು ಬಂದಿದ್ದ ಶೀರ್ಷಿಕೆ: "ದಯವಿಟ್ಟು ಒಂದು ಪುಟ್ಟ ಜೀವ ಉಳಿಸಿ". ಅವರ ಸಂಕಟ ಅರ್ಥವಾಗುವಂಥದ್ದೇ. ಆದರೆ ಇದೇ ಮಾತು ನೂರಾರು ಪುಟಗಳ ಮೇಲಿದೆ. ಯಾವ ಜೀವ, ಏನು ಕಾಯಿಲೆ ಎಂಬುದು ಅದರಲ್ಲಿಲ್ಲ.

ವಾಟ್ಸಪ್‌ನಲ್ಲಿ ಮನವಿ ಬಂದರೆ ನಾವು ಏನು ಮಾಡುತ್ತೇವೆ? ಕೊಡುವ ಮೊದಲು ನಿಜವೇ ಎಂದು ನೋಡಲು ಹುಡುಗನ ಹೆಸರು, ಕಾಯಿಲೆ, ಊರು ಹಾಕಿ ಗೂಗಲ್‌ನಲ್ಲಿ ಹುಡುಕುತ್ತೇವೆ. ಆ ಪದಗಳು ಶೀರ್ಷಿಕೆಯಲ್ಲಿ ಇಲ್ಲದಿದ್ದರೆ ಪುಟ ಸಿಗುವುದು ಕಷ್ಟ, ಅನುಮಾನ ಮಾತ್ರ ಉಳಿಯುತ್ತದೆ. ಕೊನೆಗೆ ನಾವು ಹಾಕಿದ್ದು ಇದು (ಹೆಸರನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ):

"ಥಲಸ್ಸೇಮಿಯಾ: ಡೊಂಬಿವಲಿಯ 8 ವರ್ಷದ ——ಗೆ ಅಸ್ಥಿಮಜ್ಜೆ ಕಸಿಗೆ ನೆರವಾಗಿ"

ಕಾಯಿಲೆಯೂ ಊರೂ ಮೊದಲಿವೆ. ಮೊಬೈಲಿನಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ, ಉಳಿಯುವುದು ತಲೆಯೇ. ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವುದರಿಂದ Thalassemia ಎಂಬ ಪದವನ್ನೂ ಹುಡುಗನ ಹೆಸರನ್ನೂ ಸಾರಾಂಶದಲ್ಲಿ ಆ ಅಕ್ಷರಗಳಲ್ಲೇ ಒಮ್ಮೆ ಸೇರಿಸಿದೆವು. ಮಗುವಿನ ಹೆಸರು ಹಾಕಿದ್ದು ತಂದೆತಾಯಿಯ ಒಪ್ಪಿಗೆಯ ಮೇಲೆ; ಶಾಲೆ, ಮನೆ ವಿಳಾಸ ಬೇಡವೆಂದೆ.

ಸಾರಾಂಶದಲ್ಲಿ ನನ್ನ ಹಳೆಯ ಬ್ಯಾಂಕ್ ಬುದ್ಧಿ ಕೆಲಸ ಮಾಡಿತು. ಸಾಲದ ಅರ್ಜಿ ನೋಡುವಾಗ ನಾವು ಕೇಳುತ್ತಿದ್ದುದು ಒಟ್ಟು ಖರ್ಚೆಷ್ಟು, ನಿಮ್ಮ ಪಾಲೆಷ್ಟು ಎಂದು. ದಾನಿಯೂ ಅದನ್ನೇ ಕೇಳುತ್ತಾನೆ. ಹಾಗಾಗಿ ಹೀಗೆ ಬರೆದೆವು: "ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಹುಡುಗನಿಗೆ ತಂಗಿಯ ಮಜ್ಜೆ ಹೊಂದುತ್ತದೆ. ಆಸ್ಪತ್ರೆಯ ಅಂದಾಜು 14 ಲಕ್ಷ. ಮನೆಯವರು ಕೂಡಿಸಿದ್ದು 5 ಲಕ್ಷ." ತಂಗಿಯ ಮಜ್ಜೆಯ ಮಾತನ್ನು ತಂದೆ ನಾಲ್ಕನೇ ಪುಟದಲ್ಲಿ ಬರೆದಿದ್ದರು! ಓದುವವನಿಗೆ ದಾರಿ ಇದೆ ಎಂದು ತೋರಿಸುವುದೇ ಆ ಒಂದು ಸಾಲು. ಅದನ್ನು ಮೇಲೆ ತಂದೆ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಇನ್ನೊಂದು ಮನವಿಯಲ್ಲಿ ನಾನೇ "ಇನ್ನು 6 ಲಕ್ಷ ಬೇಕು, ಮುಂದಿನ ವಾರ ಶಸ್ತ್ರಚಿಕಿತ್ಸೆ" ಎಂದು ಶೀರ್ಷಿಕೆಯಲ್ಲಿ ಹಾಕಿದ್ದೆ. ಹಣ ಕೂಡಿದ ಮೇಲೆ ಪುಟದಲ್ಲಿ ತಿದ್ದಿದೆ. ಆದರೆ ಆಗಲೇ ಹಂಚಿಹೋದ ಸಂದೇಶಗಳಲ್ಲಿ ಕೊಂಡಿಯ ಜೊತೆ ಕಾಣುವ ಹಳೆಯ ಶೀರ್ಷಿಕೆ ಬದಲಾಗಲಿಲ್ಲ. ಅದನ್ನೇ ಮುಂದಕ್ಕೆ ಕಳಿಸುತ್ತ ಹೋದರು, ಐದು ತಿಂಗಳ ನಂತರವೂ "ಮುಂದಿನ ವಾರ"ವೇ! ಮನೆಯವರಿಗೆ ಇನ್ನೂ ಯಾಕೆ ಕೇಳುತ್ತಿದ್ದೀರಿ ಎಂಬ ಮಾತು ಕೇಳಬೇಕಾಯಿತು. ಈಗ ಇಳಿಯುವ ಮೊತ್ತವನ್ನು ಶೀರ್ಷಿಕೆಯಲ್ಲಿ ಹಾಕುವುದಿಲ್ಲ. ನಾಳೆ, ಮುಂದಿನ ವಾರ ಎನ್ನುವ ಬದಲು ತಿಂಗಳು ಮತ್ತು ಇಸವಿಯನ್ನು ಸಾರಾಂಶದಲ್ಲಿ ಬರೆಯುತ್ತೇವೆ.

ಹಂಚುವ ಮುನ್ನ ಕೊಂಡಿಯನ್ನು ಮೊದಲು ಮನೆಯವರೊಬ್ಬರಿಗೆ ಕಳಿಸಿ, ಅವರ ಮೊಬೈಲಿನಲ್ಲಿ ಎಷ್ಟು ಅಕ್ಷರ ಕಾಣುತ್ತದೆ ನೋಡಿ. ನಾನು ನನ್ನ ಹೆಂಡತಿಗೆ ಕಳಿಸುತ್ತೇನೆ. ಪುಟ ತೆರೆಯದೆಯೇ ಯಾರಿಗೆ ಏನಾಗಿದೆ ಎಂದು ಆಕೆ ಹೇಳಿದರೆ ಮಾತ್ರ ಗುಂಪಿಗೆ ಹಾಕುತ್ತೇನೆ.